ಎಂಬಿಎ ಕೇಳಿದ ರವಿವಾರಗಳು

ಇಂಡಿ ತಾಲೂಕಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ನಾನು ಕಬ್ಬು ವಿಭಾಗದ ಮುಖ್ಯಸ್ಥ. ಹೆಂಡತಿ ಮುದ್ದೇಬಿಹಾಳದ ಸರಕಾರಿ ಶಾಲೆಯಲ್ಲಿ ಶಿಕ್ಷಕಿ, ಮಗಳು ಅವಳ ಜೊತೆ. ನಾನು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಬ್ಬನೇ. ಕಬ್ಬು ನುರಿಸುವ ತಿಂಗಳುಗಳಲ್ಲಿ ನನಗೆ ವಾರವೂ ಇಲ್ಲ, ರವಿವಾರವೂ ಇಲ್ಲ. ಹಂಗಾಮು ಮುಗಿದ ಮೇಲೆ ಮಾತ್ರ ಶನಿವಾರ ಸಂಜೆ ಬಸ್ ಹತ್ತಿ, ವಿಜಯಪುರದಲ್ಲಿ ಬದಲಿಸಿ, ಬಾಗೇವಾಡಿ ದಾಟಿ ಮನೆ ಸೇರುತ್ತಿದ್ದೆ. ಹೋಗಿ ದೊಡ್ಡ ಕೆಲಸವೇನೂ ಮಾಡುತ್ತಿರಲಿಲ್ಲ. ರವಿವಾರ ಮಧ್ಯಾಹ್ನ ಮೂವರೂ ಒಟ್ಟಿಗೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅಷ್ಟಕ್ಕಾಗಿಯೇ ನಾನು ವಾರವಿಡೀ ಕಾಯುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಜನರಲ್ ಮ್ಯಾನೇಜರ್ ನಿವೃತ್ತಿಯ ಮಾತೆತ್ತಿದರು. ನಿರ್ದೇಶಕರೊಬ್ಬರು ನನ್ನನ್ನು ಕರೆಸಿ, "ಆ ಕುರ್ಚಿಗೆ ಬೇಕಾದ್ದೆಲ್ಲಾ ಐತ್ರಿ ನಿಮ್ಮ ಹತ್ರ. ಒಂದು ಎಂಬಿಎ ಮಾಡ್ಕೊಂಡ್ರ ಚಲೋ ಆಕ್ಕೈತಿ," ಅಂದರು. ವಿಜಯಪುರದಲ್ಲಿ ನೌಕರಿ ಮಾಡುವವರಿಗೆಂದೇ ಎರಡು ವರ್ಷದ ಕೋರ್ಸ್ ಇತ್ತು, ತರಗತಿ ರವಿವಾರ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ ನಾನು. ಆ ವಾರವೇ ಹೆಂಡತಿಗೆ ಫೋನ್ ಮಾಡಿ, ಇನ್ನು ರವಿವಾರ ಬರಲಾಗುವುದಿಲ್ಲ ಎಂದೆ. "ಆತು, ಮಾಡ್ರಿ," ಅಂದಳು. ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು.

ಪ್ರವೇಶಕ್ಕೆಂದು ಕಾಲೇಜಿಗೆ ಹೋದಾಗ ಅಲ್ಲಿಯ ಪ್ರಾಧ್ಯಾಪಕಿಯೊಬ್ಬರು ಮೊದಲು ಕುರ್ಚಿ ಕೊಟ್ಟು, ನನ್ನ ಕೆಲಸ ಏನೆಂದು ಕೇಳಿದರು. ಜನರಲ್ ಮ್ಯಾನೇಜರ್ ಹುದ್ದೆಯ ಆಸೆಯನ್ನು ಮೊದಲು ತಿಳಿಸಿ, ಕೆಲಸದ ಬಗ್ಗೆ ಹುರುಪಿನಿಂದ ಹೇಳಿದೆ. ನಾಟಿ ಮಾಡಿದ ಸರದಿಯಂತೆ ರೈತರಿಗೆ ಕಟಾವಿನ ಆದೇಶ ಕೊಡುತ್ತೇವೆ. ಆದರೆ ಅಡ್ಡಮಳೆ ಬಂದರೆ ಸರದಿ ಹಿಡಿದು ಕೂರಲಾಗದು. ಎರೆಹೊಲದಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತದೆ. ಆಗ ಕಬ್ಬು ಕಡಿಯುವ ಟೋಳಿಗಳನ್ನು ರಸ್ತೆ ಬದಿಯ, ಕೆಸರಾಗದ ಕಲ್ಲುನೆಲದ ಮಡ್ಡಿ ಹೊಲಗಳಿಗೆ ಸರಿಸಬೇಕು, ಸರದಿ ತಪ್ಪಿದ ರೈತರ ಬೈಗುಳ ಕೇಳಬೇಕು, ಗಿರಣಿ ಮಾತ್ರ ನಿಲ್ಲಬಾರದು.

"ಇದಕ್ಕ ಡಿಗ್ರಿ ಬೇಕಾಗಿಲ್ರಿ," ಅಂದರು ಅವರು. "ಇದನ್ನ ನಾವು ನಿಮಗ ಕಲಿಸೂದಲ್ಲ, ನೀವು ನಮಗ ಕಲಿಸೂದು. ಆದ್ರ ಕಬ್ಬಿನ ರಸ ಸಕ್ಕರಿಗೆ ಎಷ್ಟು ಬಿಡಬೇಕು, ಎಥೆನಾಲಿಗೆ ಎಷ್ಟು? ಹೊಸಾ ಯಂತ್ರಕ್ಕ ಸಾಲ ತಗದ್ರ ಅದು ತನ್ನ ಬಡ್ಡಿ ತಾನ ದುಡಿತೈತೇನು? ಇವನ್ನ ಹೆಂಗ ತೂಗ್ತೀರಿ?"

"ಅದನ್ನೆಲ್ಲಾ ನಮ್ಮ ಅಕೌಂಟ್ಸಿನವ್ರು ನೋಡ್ತಾರ್ರಿ," ಅಂದೆ.

"ಈಗಿನ ಕೆಲಸದಾಗ ಇರಾವ್ರಿದ್ರ ಅನುಭವ ಸಾಕು. ಇಡೀ ಕಾರ್ಖಾನಿ ನಡಸೂದಾದ್ರ, ಇಲ್ಲಾ ಬ್ಯಾರೆ ಕಡೆ ನೌಕರಿ ಹುಡುಕೂದಾದ್ರ, ಓದು ಉಪಯೋಗಕ್ಕ ಬರ್ತೈತಿ. ಆದ್ರ ಫೀ ತುಂಬೂಕಿಂತ ಮೊದಲ ನಿಮ್ಮ ಸಾಹೇಬ್ರನ್ನ ಒಂದು ಮಾತು ಕೇಳ್ರಿ: ಆ ಹುದ್ದೆಗೆ ಡಿಗ್ರಿ ಬೇಕು ಅಂತ ನಿಯಮ ಐತೇನು? ನಾ ಮುಗಿಸೂತನಕ ಅದು ಖಾಲಿ ಇರ್ತೈತೇನು?"

ತಮ್ಮ ಕಾಲೇಜಿಗೆ ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರುದಿನ ನಿರ್ದೇಶಕರನ್ನು ಕೇಳಿದೆ. ಅವರು ನಕ್ಕರು. "ನಿಯಮ ಏನಿಲ್ರಿ, ಇದ್ರ ನಾಕು ಮಂದಿ ಮುಂದ ಚಂದ ಕಾಣತೈತಿ. ಎರಡು ವರ್ಷ ಕುರ್ಚಿ ಖಾಲಿ ಇಡಾಕ ಆಗತೈತೇನ್ರಿ? ಈ ದೀಪಾವಳಿಗೇ ತುಂಬತೇವಿ." ಅಂದರೆ ಕೊಡುವುದಾದರೆ ಡಿಗ್ರಿ ಇಲ್ಲದೆಯೂ ನನಗೆ ಕೊಡುತ್ತಾರೆ; ಇಲ್ಲದಿದ್ದರೆ ನಾನು ಓದಿ ಬರುವಷ್ಟರಲ್ಲಿ ಅಲ್ಲಿ ಇನ್ನೊಬ್ಬ ಬೇರುಬಿಟ್ಟಿರುತ್ತಾನೆ. ಬೇರೆ ಊರಿನ ಕಾರ್ಖಾನೆಗೆ ಹೋಗುವ ಆಸೆ ನನಗಿರಲಿಲ್ಲ. ಇದ್ದದ್ದೇ ದೂರ, ಇನ್ನೂ ದೂರ ಹೋಗಿ ಏನು ಮಾಡಲಿ? ಸಿಟ್ಟು ಬಂತು. ಆಮೇಲೆ ಮನಸ್ಸು ಹಗುರಾಯಿತು. ಸಾಲ-ಬಡ್ಡಿಯ ಲೆಕ್ಕಪತ್ರ ಓದುವುದನ್ನು ನಮ್ಮ ಅಕೌಂಟ್ಸ್ ಮುಖ್ಯಸ್ಥರ ಹತ್ತಿರ ಸಂಜೆ ಹೊತ್ತು ಕಲಿತರಾಯಿತು ಅಂದುಕೊಂಡೆ. ಅರ್ಜಿ ಹಾಕಲಿಲ್ಲ.

ಆ ಶನಿವಾರ ಹೇಳದೆ ಕೇಳದೆ ಬಸ್ ಹತ್ತಿದೆ. ಬಾಗೇವಾಡಿಯಲ್ಲಿ ಬಸ್ ನಿಂತಾಗ ಮಗಳಿಗೆಂದು ಪೇರಲ ಕೊಂಡೆ. ಬಾಗಿಲು ತೆರೆದ ಹೆಂಡತಿಗೆ ನಿಂತಲ್ಲೇ ಹೇಳಿದೆ: "ಎಂಬಿಎ ಬ್ಯಾಡ ಅಂತ ಬಿಟ್ಟೆ. ರವಿವಾರ ಎಲ್ಲಾ ನಿಮ್ಮವೇ."

ಅವಳು ಬ್ಯಾಗು ಇಸಿದುಕೊಂಡಳು. "ಚಲೋ ಆತ್ರಿ," ಅಂದಳು. ಅದನ್ನು ಒಳಗಿಡುತ್ತ ಹೇಳಿದಳು: "ನೀವು ಬರೂದಿಲ್ಲ ಅಂದ್ರೆಲ್ಲಾ, ಆಕಿಗೆ ರವಿವಾರದ ಟ್ಯೂಷನ್ ಹಚ್ಚೇನಿ. ಮುಂಜಾನಿ ಹೋದ್ರ ಸಂಜೀಕ ಬರ್ತಾಳ. ನಾನೂ ಅವತ್ತ ಹೊಲಿಗಿ ಕ್ಲಾಸಿಗೆ ಹೆಸರು ಹಚ್ಚೇನಿ. ಮನ್ಯಾಗ ಒಬ್ಬಾಕಿನ ಕುಂತ್ರ ಹೊತ್ತು ಹೋಗೂದಿಲ್ರಿ."

ಬಿಡಿಸು ಎನ್ನದೆ, ಪೇರಲ ತೆಗೆದು ಮಗಳ ಕೈಗಿಟ್ಟೆ. ಮರುದಿನ ಹೆಂಡತಿ ರೊಟ್ಟಿ ಮಾಡಿ, ಪಲ್ಯ ಮುಚ್ಚಿಟ್ಟು ಹೋದಳು. ಮಧ್ಯಾಹ್ನ ಒಬ್ಬನೇ ಕೂತು ಉಂಡೆ.