ಇನ್ನೂರು ಯಾಸೀನ್ ಪುಸ್ತಕಗಳು

ಜಾವಾ ದ್ವೀಪದ ಕ್ಲಾಟೆನ್ ಊರಿನ ವಾರ್ತಿನಿ ಮೂವತ್ತು ವರ್ಷಗಳಿಂದ ಸತ್ತವರ ಹೆಸರಿನ ಪುಸ್ತಕಗಳನ್ನು ಮಾಡಿಕೊಡುತ್ತ ಬಂದವಳು. ಮನೆಯವರು ತೀರಿಕೊಂಡ ನಲವತ್ತನೆಯ, ನೂರನೆಯ, ಸಾವಿರದ ದಿನದಂದು ನೆರೆಹೊರೆಯವರು ಕೂಡಿ ಕುರಾನಿನ ಯಾಸೀನ್ ಅಧ್ಯಾಯವನ್ನು ಓದುತ್ತಾರೆ. ಬಂದವರಿಗೆಲ್ಲ ಸತ್ತವರ ಭಾವಚಿತ್ರವಿರುವ ಪುಟ್ಟ ಪುಸ್ತಕವನ್ನು ಕೊಟ್ಟು ಕಳಿಸುತ್ತಾರೆ. ಅದನ್ನು ಹಿಂದಿರುಗಿಸಿದರೆ ಅಂಗಡಿಯವರು ಯಾರಿಗೆ ಮಾರಬೇಕು? ಒಬ್ಬರ ಗಂಡನ ಮುಖವನ್ನು ಇನ್ನೊಬ್ಬರು ಕೊಳ್ಳುವುದಿಲ್ಲ. ಅದಕ್ಕೇ ಅವಳ ಅಂಗಡಿಯ ಗೋಡೆಯ ಮೇಲೆ 'ಹೇಳಿ ಮಾಡಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ' ಎಂಬ ಬೋರ್ಡಿತ್ತು. ಅಚ್ಚಿಗೆ ಹಾಕುವ ಮುಂಚೆ ಹೊದಿಕೆಯ, ಹೆಸರಿನ ಪುಟದ ಒಂದೊಂದು ಮಾದರಿಯನ್ನು ತೋರಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದಳು.

ಗಂಡನ ಸಾವಿರದ ದಿನಕ್ಕೆ ಇನ್ನೂರು ಪುಸ್ತಕ ಬೇಕೆಂದು ಬಂದ ಸರ್ಜಿಯೆಮ್ ಕೂಡ ಸಹಿ ಹಾಕಿದ್ದಳು.

ಹೊದಿಕೆ, ಹೆಸರಿನ ಪುಟಗಳು ಮಾತ್ರ ಹೊಸದಾಗಿ ಅಚ್ಚಾಗುವಂಥವು. ಒಳಗಿನ ಪುಟಗಳು ಎಲ್ಲರಿಗೂ ಒಂದೇ. ಅವನ್ನು ವಾರ್ತಿನಿ ಸಗಟಾಗಿ ತರಿಸಿ ಕಟ್ಟುಕಟ್ಟಾಗಿ ಇಟ್ಟುಕೊಂಡಿರುತ್ತಿದ್ದಳು. ಈ ಸಲ ಅಂಟು ಹಚ್ಚುವಾಗ ಕೊನೆಯ ಕಟ್ಟುಗಳಲ್ಲಿ ತಪ್ಪು ಕಣ್ಣಿಗೆ ಬಿತ್ತು. ನಲವತ್ತನೆಯ ವಾಕ್ಯ ಮುಗಿದ ಮೇಲೆ ಹಿಂದಿನ ಹಾಳೆಯೇ ಮತ್ತೆ ಬಂದಿತ್ತು, ಮುಂದಿನ ಹಾಳೆ ಇರಲೇ ಇಲ್ಲ. ಬೇರೆ ಕಟ್ಟು ತರಿಸಲು ನಾಲ್ಕು ದಿನ ಬೇಕು. ಆದರೆ ಆ ಊರಿನಲ್ಲಿ ಯಾಸೀನನ್ನು ಪುಸ್ತಕ ನೋಡಿ ಓದುವವರು ಯಾರು? ಎಲ್ಲರಿಗೂ ಬಾಯಿಪಾಠ. ಪುಸ್ತಕ ಕೈಯಲ್ಲಿ ತೆರೆದಿರುತ್ತದೆ, ಕಣ್ಣು ಮುಚ್ಚಿರುತ್ತದೆ. ವಾರ್ತಿನಿ ಹಾಗೆಂದುಕೊಂಡು ಎಂಬತ್ತು ಪುಸ್ತಕಗಳನ್ನು ಆ ಕಟ್ಟುಗಳಿಂದಲೇ ಮುಗಿಸಿದಳು.

ಪುಸ್ತಕ ಒಯ್ದ ಮಾರನೆಯ ದಿನ ಸರ್ಜಿಯೆಮ್ ಸಪ್ಪಗೆ ಬಂದಳು. ಗಂಡ ತೀರಿಕೊಂಡದ್ದು ಗುರುವಾರ ಸಂಜೆ, ಹೊತ್ತು ಮುಳುಗಿದ ಮೇಲೆ. ಅಲ್ಲಿನ ಲೆಕ್ಕದಲ್ಲಿ ಹೊತ್ತು ಮುಳುಗಿದರೆ ಶುಕ್ರವಾರ ಬಂದಂತೆ. ಅವಳು ಹೆಸರಿನ ಪುಟಕ್ಕೆ ಗುರುವಾರವೆಂದೇ ಬರೆದುಕೊಟ್ಟು ಸಹಿಯನ್ನೂ ಹಾಕಿದ್ದಳು. ವಾರ್ತಿನಿ ಸಹಿಯ ಹಾಳೆಯನ್ನು ತೆಗೆದು ತೋರಿಸಿದಳು. ಬೇಕಾದರೆ ದುಡ್ಡು ಕೊಟ್ಟು ಆ ಪುಟವನ್ನು ಬದಲಾಯಿಸಿಕೊಳ್ಳಬಹುದೆಂದಳು. ಸರ್ಜಿಯೆಮ್ ಒಪ್ಪಲಿಲ್ಲ, ವಾದಿಸಲೂ ಇಲ್ಲ. ತಪ್ಪು ತನ್ನದೆಂದು ಹೇಳಿ ಹೋದಳು. ಅದು ನ್ಯಾಯವೇ ಆಗಿತ್ತು.

ಎರಡು ದಿನಗಳ ಮೇಲೆ ಅವಳು ಸೊಸೆ ಫೆನ್ನಿಯನ್ನು ಕರೆದುಕೊಂಡು ಬಂದಳು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಫೆನ್ನಿ ಕ್ರೈಸ್ತರೇ ಹೆಚ್ಚಿರುವ ಮನಾಡೊ ಕಡೆಯವಳು, ಮದುವೆಗೆಂದು ಧರ್ಮ ಬದಲಿಸಿದವಳು. ಮಾವನ ದಿನದಂದು ತಾನೂ ಎಲ್ಲರ ಜೊತೆ ಓದಬೇಕೆಂದು ಅರಬ್ಬಿ ಬಾರದವರಿಗೆಂದು ಹಾಕಿದ ಲ್ಯಾಟಿನ್ ಅಕ್ಷರದ ಸಾಲುಗಳಿಗೆ ಬೆರಳಿಟ್ಟು ಕಲಿಯುತ್ತಿದ್ದಳು.

ಸರ್ಜಿಯೆಮ್ ಪುಸ್ತಕವನ್ನು ಬಿಡಿಸಿ ಮೇಜಿನ ಮೇಲಿಟ್ಟಳು. "ಅಕ್ಕಾ, ದಿನದ್ದು ನನ್ನ ತಪ್ಪು, ಅದಕ್ಕೆ ಬಂದಿಲ್ಲ. ಈ ಹಾಳೆ ಎರಡು ಸಲ ಬರಲಿ ಅಂತ ನಾನು ಸಹಿ ಹಾಕಿದ್ನಾ?"

ವಾರ್ತಿನಿಯ ಕಣ್ಣು ಅಭ್ಯಾಸಬಲದಿಂದ ಬೋರ್ಡಿನತ್ತ ಹೋಯಿತು.

"ಅದನ್ನ ತೋರಿಸ್ಬೇಡ. ಗ್ರಾಹಕರ ಕಚೇರೀಲಿ ಕೇಳ್ಕೊಂಡೇ ಬಂದೆ. ಮನಸ್ಸು ಬದಲಾಯ್ತು ಅಂತ ತಂದ್ರೆ ನೀನು ಬೇಡ ಅನ್ಬಹುದು. ಮಾಲೇ ಕೆಟ್ಟಿದ್ರೆ ಬದಲಿ ಕೊಡ್ಬೇಕು, ಇಲ್ಲ ದುಡ್ಡು ವಾಪಸು ಕೊಡ್ಬೇಕು. ಬೋರ್ಡು ಹಾಕಿದ್ರೆ ಆ ಹಕ್ಕು ಹೋಗಲ್ವಂತೆ." ಆಮೇಲೆ ದನಿ ತಗ್ಗಿಸಿದಳು. "ಇರ್ಲಿ ಬಿಡು, ನಿನಗೂ ಗೊತ್ತಾಗಿರಲ್ಲ. ಕಟ್ಟು ಕಳಿಸಿದೋರ ತಪ್ಪು."

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ವಾರ್ತಿನಿ ಹೌದೆಂದು ತಲೆಯಾಡಿಸಿದಳು.

ಸರ್ಜಿಯೆಮ್ ಸೊಸೆಯ ಕಡೆ ತಿರುಗಿದಳು. "ಪಾಪ, ನಿನ್ನೆಯೆಲ್ಲ ಇವಳನ್ನ ಬೈದೆ. ನಲವತ್ತಾದ್ಮೇಲೆ ಹಿಂದಕ್ಕೇ ಹೋಗ್ತೀಯಲ್ಲ, ನಾಲಿಗೆಗೆ ಏನಾಗಿದೆ, ಮನಸ್ಸಿಟ್ಟು ಕಲಿತಿದ್ರೆ ತಾನೇ ಅಂದೆ. ಅತ್ತುಬಿಟ್ಟಳು."

ಓದಿನಲ್ಲಿ ತಾನೇ ತಪ್ಪಿದೆನೆಂದು ಫೆನ್ನಿ ನಂಬಿದ್ದಳು. ಆ ನಾಚಿಕೆ ಇನ್ನೂ ಮುಖದಿಂದ ಹೋಗಿರಲಿಲ್ಲ.

ವಾರ್ತಿನಿ ಪುಸ್ತಕವನ್ನು ಮುಚ್ಚಿದಳು. "ನನಗೆ ಗೊತ್ತಿತ್ತು," ಎಂದಳು. "ಅಂಟು ಹಚ್ಚುವಾಗಲೇ ನೋಡಿದ್ದೆ. ಯಾರು ನೋಡಿ ಓದ್ತಾರೆ ಅಂದ್ಕೊಂಡೆ."

ಗಿರಾಕಿಗಳಿಬ್ಬರೂ ಮಾತು ನಿಲ್ಲಿಸಿದರು. ಸರ್ಜಿಯೆಮ್ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. "ಮೊನ್ನೆ ನನ್ನ ಸಹಿ ತೋರಿಸ್ದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದ್ರೆ ಇದನ್ನ ನನಗೆ ಹೇಳ್ಬೇಡ. ಇವಳಿಗೆ ಹೇಳು."

ಅರವತ್ತು ದಾಟಿದ ವಾರ್ತಿನಿ ಇಪ್ಪತ್ತೆರಡರ ಹುಡುಗಿಗೆ ಅದನ್ನೇ ಮತ್ತೊಮ್ಮೆ ಹೇಳಿದಳು. ಮೊದಲ ಸಲಕ್ಕಿಂತ ಎರಡನೆಯ ಸಲ ಕಷ್ಟವಾಯಿತು.

ಎಂಬತ್ತೂ ಪುಸ್ತಕಗಳು ವಾಪಸು ಬಂದವು. ಒಳಗೆ ದೇವರ ವಾಕ್ಯವಿರುವುದರಿಂದ ಕಸಕ್ಕೆ ಹಾಕುವಂತಿಲ್ಲ, ಸುಟ್ಟು ಬೂದಿಯನ್ನು ಹೂಳಬೇಕು. ವಾರ್ತಿನಿ ಹಿತ್ತಿಲಿನಲ್ಲಿ ಒಂದೊಂದಾಗಿ ಸುಟ್ಟಳು. ಸರ್ಜಿಯೆಮಳ ಗಂಡನ ಮುಖ ಎಂಬತ್ತು ಸಲ ಮುದುಡಿತು. ಹೊಸ ಕಟ್ಟು ತರಲು ತಾನೇ ಬಸ್ಸಿನಲ್ಲಿ ಸೋಲೊ ಪಟ್ಟಣಕ್ಕೆ ಹೋದಳು, ಪ್ರತಿಯೊಂದರ ಹಾಳೆಯನ್ನೂ ತಿರುವಿ ನೋಡಿದಳು. ಹೊಸ ಎಂಬತ್ತರಲ್ಲಿ ಶುಕ್ರವಾರವೆಂದೇ ಅಚ್ಚು ಮಾಡಿ, ಉಳಿದ ನೂರಿಪ್ಪತ್ತಕ್ಕೂ ಆ ಪುಟವನ್ನು ಬದಲಿಸಿಕೊಡುತ್ತೇನೆಂದಳು. ಸರ್ಜಿಯೆಮ್ ಪುಟ ಬದಲಿಸುವ ಕೆಲಸಕ್ಕೆ ದುಡ್ಡು ಕೊಟ್ಟೇ ತೀರಿದಳು. ತನ್ನ ತಪ್ಪಿಗೆ ತಾನು ಕೊಡುವುದಾಗಿ ಹೇಳಿದಳು, ಅಷ್ಟೇ.

ಸಾವಿರದ ದಿನದ ಬೆಳಿಗ್ಗೆ ವಾರ್ತಿನಿ ಪೆಟ್ಟಿಗೆಗಳನ್ನು ಹೊತ್ತು ತಂದಾಗ ಬಾಗಿಲಿಗೆ ಬಂದವಳು ಫೆನ್ನಿ. ಅವಳು ಮೇಲಿನ ಪುಸ್ತಕವನ್ನು ತೆಗೆದು, ನಿಂತಲ್ಲೇ ನಲವತ್ತೊಂದನೆಯ ವಾಕ್ಯವನ್ನು ಹುಡುಕಿ ನೋಡಿದಳು. ಇನ್ನೊಂದನ್ನು ತೆಗೆದು ಅದರಲ್ಲೂ ನೋಡಿದಳು. ವಾರ್ತಿನಿ ತಲೆ ತಗ್ಗಿಸಿ, ಅವಳು ನೋಡಿ ಮುಗಿಸುವವರೆಗೂ ಮೆಟ್ಟಿಲ ಮೇಲೆಯೇ ನಿಂತಿದ್ದಳು.