ಬಾಗಿಲು ಮಾವನ ಏಪ್ರನ್

ನಾನು ಕೆಲಸಕ್ಕೆ ಸೇರಿದ ದಿನಸಿ ಅಂಗಡಿಯ ಮಾಂಸದ ವಿಭಾಗದಲ್ಲಿ ಮಾಂಸ ಕತ್ತರಿಸುವ ಹಿರಿಯರೊಬ್ಬರಿದ್ದರು. ದಿನವಿಡೀ ಅವರ ಬಾಯಲ್ಲಿ ಒಂದೇ ಮಾತು: “ಬಾಗಿಲು ಹಾಕಿ!” ತಣ್ಣನೆಯ ದಾಸ್ತಾನು ಕೋಣೆಯ ಬಾಗಿಲನ್ನು ಯಾರಾದರೂ ತೆರೆದಿಟ್ಟರೆ ಮುಗಿಯಿತು, ರಂಪ ಮಾಡಿಬಿಡುತ್ತಿದ್ದರು. ಅದಕ್ಕೇ ಅವರ ಹೆಸರು ಬಾಗಿಲು ಮಾವ. ಅವರ ಬೆನ್ನ ಹಿಂದೆ ನಾನೂ ನಕ್ಕವಳೇ. ಆದರೆ ಆ ವರ್ಷ ನಮ್ಮ ಮನೆಯ ಒಲೆ ಆರದೆ ಉಳಿದದ್ದು ಅವರಿಂದ.

ನನ್ನ ಕೆಲಸ ಪ್ಯಾಕಿಂಗ್. ತಟ್ಟೆಗೆ ಕೈಮಾ ತುಂಬಿ, ಮೇಲೆ ತೆಳು ಪ್ಲಾಸ್ಟಿಕ್ ಎಳೆದು, ತಾರೀಖಿನ ಚೀಟಿ ಅಂಟಿಸುವುದು. ಸೇರಿ ಎರಡು ವಾರವಾಗಿತ್ತು. ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದರು, ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಮನೆಗೆ ಬರುತ್ತಿದ್ದದ್ದು ನನ್ನ ಸಂಬಳ ಮಾತ್ರ.

ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬರು ಹಿಂದಿನ ದಿನ ಕೊಂಡ ಪ್ಯಾಕೆಟ್ ತಂದು ಕೌಂಟರ್ ಮೇಲೆ ಕುಕ್ಕಿದರು. ಮೇಲೆ ಕೆಂಪು ಕೈಮಾ, ಒಡೆದು ನೋಡಿದರೆ ಒಳಗೆಲ್ಲ ಮಣ್ಣಿನ ಬಣ್ಣ.

“ಹಳೇದನ್ನ ಕೆಳಗಿಟ್ಟು ಮೇಲೆ ಹೊಸದು ಹರಡಿದ್ದೀರಲ್ಲ, ಮನುಷ್ಯರೇನ್ರೀ ನೀವು?”

ಪ್ಯಾಕ್ ಮಾಡಿದ್ದು ನಾನೇ ಎಂದು ಚೀಟಿಯಲ್ಲಿತ್ತು. ಮ್ಯಾನೇಜರ್ ಹಿಂದೆಮುಂದೆ ನೋಡಲಿಲ್ಲ. “ಏಪ್ರನ್ ತೆಗೆದಿಡಮ್ಮ, ನಾಳೆಯಿಂದ ಬರಬೇಡ” ಎಂದರು. ಏಪ್ರನ್ನಿನ ಗಂಟು ಬಿಚ್ಚಲು ನನ್ನ ಬೆರಳುಗಳೇ ಕೇಳಲಿಲ್ಲ; ಒದ್ದಾಡಿ ಬಿಚ್ಚಿ ಮೇಜಿನ ಮೇಲಿಟ್ಟೆ.

ಬಾಗಿಲು ಮಾವ ಚಾಕು ಒರೆಸಿಟ್ಟು ಬಂದರು. ಕೈಮಾವನ್ನು ಮೂಸಿದರು, ಬೆರಳಲ್ಲಿ ಒತ್ತಿದರು.

“ಹುಳಿ ವಾಸನೆ ಇಲ್ಲ, ಜಿಗುಟಿಲ್ಲ, ತಾರೀಖು ಮೀರಿಲ್ಲ. ಇದು ಕೆಟ್ಟಿಲ್ಲ ಮೇಡಂ.”

“ಬಣ್ಣ ಕಣ್ಣಿಗೆ ಕಾಣ್ತಿದೆಯಲ್ರೀ!”

“ಬಣ್ಣ ಗಾಳಿಯ ಆಟ ಮೇಡಂ” ಎನ್ನುತ್ತಾ ಮಾವ ಒಂದು ದಪ್ಪ ತುಂಡನ್ನು ತಂದು ಅವರೆದುರೇ ಸೀಳಿದರು. ಒಳಭಾಗ ಕಡುನೇರಳೆ. “ಒಳಗೆ ಗಾಳಿ ಇರಲ್ಲ, ಅದಕ್ಕೆ ಹೀಗೆ. ಸ್ವಲ್ಪ ಹೊತ್ತು ಬಿಡಿ, ಗಾಳಿ ಕುಡಿದು ಕೆಂಪಾಗುತ್ತೆ.” ಕಾಲು ಗಂಟೆಯಲ್ಲಿ ಅದು ನಿಜಕ್ಕೂ ಕೆಂಪೇರಿತು. “ಕೈಮಾ ತುಂಬಿದ ಪ್ಯಾಕೆಟ್‌ನಲ್ಲಿ ಮೇಲ್ಭಾಗಕ್ಕೆ ಪ್ಲಾಸ್ಟಿಕ್ ಮೂಲಕ ಗಾಳಿ ಸಿಗುತ್ತೆ. ಒಳಗೆ ಅರೆಬರೆ. ಅರೆಬರೆ ಸಿಕ್ಕಿದ ಕಡೆ ಕಂದಾಗುತ್ತೆ.”

ಟೀಚರ್ ತಲೆ ಅಲ್ಲಾಡಿಸಿದರು. “ನೇರಳೆ ಕೆಂಪಾಗಿದ್ದು ನೋಡಿದೆ. ಕಂದಾಗೋದು ನೋಡಿಲ್ಲ.”

“ತೋರಿಸ್ತೀನಿ. ನಾಳೆ ಬರ್ತೀರಾ?”

ಮಾವ ಅವರ ಕಣ್ಣೆದುರೇ ಹೊಸ ಮಾಂಸ ಅರೆದು ತಟ್ಟೆಗೆ ತುಂಬಿದರು. ಪ್ಲಾಸ್ಟಿಕ್ ಮೇಲೆ ಟೀಚರೂ ಮ್ಯಾನೇಜರೂ ಸಹಿ ಹಾಕಿದರು. ಪ್ಯಾಕೆಟ್ ಫ್ರಿಜ್‌ಗೆ ಹೋಯಿತು. ಆಮೇಲೆ ಮಾವ ತಮ್ಮ ಏಪ್ರನ್ ಬಿಚ್ಚಿ, ಮಡಿಸಿ, ಮೇಜಿನ ಮೇಲಿದ್ದ ನನ್ನದರ ಪಕ್ಕ ಇಟ್ಟರು.

“ನಿಮ್ಮದ್ಯಾಕೆ ಮಾವ?” ಮ್ಯಾನೇಜರ್ ಗಾಬರಿಯಾದರು.

“ನಾಳೆ ನನ್ನ ಮಾತು ಸುಳ್ಳಾದ್ರೆ ಇಬ್ರೂ ಒಟ್ಟಿಗೆ ಹೋಗ್ತೀವಿ.”

ಮೂವತ್ತೊಂದು ವರ್ಷದ ಕೆಲಸ ಅವರದು. ನಾನು ಮನೆಗೆ ಹೋಗಿ ಯಾರಿಗೂ ಏನೂ ಹೇಳದೆ ಮಕ್ಕಳ ಜಡೆ ಬಿಚ್ಚಿ ಮತ್ತೆ ಹೆಣೆದೆ.

ಮರುದಿನ ಟೀಚರ್ ಹೇಳಿದ ಹೊತ್ತಿಗೆ ಬಂದರು. ಸಹಿಗಳು ಹಾಗೇ ಇದ್ದವು. ಮೇಲೆ ಕೆಂಪು. ಮಾವ ಪ್ಲಾಸ್ಟಿಕ್ ಹರಿದು ಕೈಮಾವನ್ನು ಎರಡು ಹೋಳು ಮಾಡಿದರು. ಒಳಗೆ ಅದೇ ಮಣ್ಣಿನ ಬಣ್ಣ. ಟೀಚರ್ ಬಾಗಿ ಮೂಸಿದರು, ಮುಟ್ಟಿ ನೋಡಿದರು. ನಂತರ ನನ್ನ ಕಡೆ ತಿರುಗಿದರು.

“ತಪ್ಪಾಯ್ತಮ್ಮ. ಬಾಯಿಗೆ ಬಂದಂಗೆ ಅಂದುಬಿಟ್ಟೆ.” ಆ ಪ್ಯಾಕೆಟ್ಟನ್ನೇ ಕೊಂಡು ಹೋದರು. ಮ್ಯಾನೇಜರ್ ನನ್ನ ಏಪ್ರನ್ ಎತ್ತಿ ಕೊಡುವಾಗ ನೆಲ ನೋಡುತ್ತಿದ್ದರು.

ಅದೇ ಸಂಜೆ ಮಾವ ಇನ್ನೊಂದು ಪ್ಯಾಕೆಟ್ ನನ್ನ ಮುಂದಿಟ್ಟರು. ಯಾರೋ ಬಿಸಿಲಲ್ಲಿ ಗಾಡಿಯಲ್ಲೇ ಬಿಟ್ಟು, ಆಮೇಲೆ ಬೇಡವೆಂದು ವಾಪಸು ತಂದದ್ದು. ನೋಡಲು ಚೆಂದದ ಕೆಂಪು. ಬಿಚ್ಚಿದರೆ ಅಂಟಂಟು, ಹುಳಿ ನಾತ. ನಾನು ಮೂಗು ಮುಚ್ಚಿದೆ.

“ಇದನ್ನ ಎಸಿ. ಬಣ್ಣ ನೋಡಿ ಮೋಸ ಹೋಗಬೇಡ. ಕೆಂಪಿದ್ರೂ ಕೆಟ್ಟಿರಬಹುದು, ಕಂದಿದ್ರೂ ಚೆನ್ನಾಗಿರಬಹುದು. ಮೊದಲು ಬೇಕಾದ್ದು ತಂಪು. ಅದಕ್ಕೇ ಬಡ್ಕೊಳ್ಳೋದು ನಾನು, ಬಾಗಿಲು ಹಾಕಿ ಅಂತ!”

ಅವರು ನಿವೃತ್ತರಾದ ದಿನ ಇಬ್ಬರೂ ಅಂಗಡಿಯಲ್ಲೇ ಟೀ ಕುಡಿಯುತ್ತ ಕೂತಿದ್ದಾಗ ಕೇಳಿದೆ. “ಮಾವ, ಅವತ್ತು ನಿಮಗೆ ಅಷ್ಟು ಧೈರ್ಯ ಹೇಗೆ ಬಂತು? ಕಂದಾಗುತ್ತೆ ಅಂತ ಖಚಿತವಾಗಿ ಗೊತ್ತಿತ್ತಾ?”

“ಮಾಂಸದ್ದು ಗೊತ್ತಿತ್ತು” ಎಂದರು. “ನಿನ್ನದು ಗೊತ್ತಿರಲಿಲ್ಲ. ನಿಜವಾಗ್ಲೂ ಹಳೇದು ಬೆರೆಸಿದ್ದರೂ ಬೆರೆಸಿರಬಹುದಿತ್ತು. ಎರಡು ವಾರದಲ್ಲಿ ಯಾರ ಬಗ್ಗೆ ಏನು ತಿಳಿಯುತ್ತೆ?”

“ಮತ್ತೆ ಏಪ್ರನ್ ಯಾಕೆ ಇಟ್ರಿ?”

“ನೀನು ಗಂಟು ಬಿಚ್ಚೋಕೆ ಒದ್ದಾಡ್ತಿದ್ದೆಯಲ್ಲ, ನೋಡೋಕಾಗ್ಲಿಲ್ಲ ಕಣಮ್ಮ.”

ನನಗೆ ಕಣ್ಣು ತುಂಬಿ ಬಂತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ನನ್ನ ಹಿಂದೆ ತೆರೆದೇ ಇದ್ದ ದಾಸ್ತಾನು ಕೋಣೆಯತ್ತ ಕಣ್ಣು ಹಾಯಿಸಿ, ಎಂದಿನಂತೆ ಗಂಟಲೆತ್ತಿ ಬಾಗಿಲು ಹಾಕಲು ಕೂಗಿದರು. ನಾನೇ ಎದ್ದು ಹೋಗಿ ಹಾಕಿ ಬಂದೆ.