ನಾನು ಓದದೆ ಬಿಟ್ಟ ಎರಡನೇ ಸಾಲು

ಬೇಲಾಪುರದ ಆರ್ಕಿಟೆಕ್ಟ್ ಆಫೀಸಿನಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಆ ವಾರ ನಕ್ಷೆ ಬರೆಯುವ ಉಡುಪಿ ಕಡೆಯ ಮೇಡಂ ಒಬ್ಬರ ಡ್ರಾಯಿಂಗ್ ಪ್ರೋಗ್ರಾಮ್ ಮತ್ತೆ ಮತ್ತೆ ತಾನಾಗಿ ಮುಚ್ಚಿಹೋಗುತ್ತಿತ್ತು. ಶುಕ್ರವಾರ ನಕ್ಷೆ ಸಲ್ಲಿಸಬೇಕು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಮುಚ್ಚಿದಾಗಲೆಲ್ಲ ವಿಂಡೋಸ್ ಒಂದು ಎರರ್ ದಾಖಲೆ ಬರೆದಿಡುತ್ತದೆ. ಮೊದಲ ಸಾಲಿನಲ್ಲಿ ಪ್ರೋಗ್ರಾಮಿನ ಹೆಸರು. ಅಷ್ಟನ್ನೇ ಓದಿ ಎರಡು ಸಲ ಆ ಪ್ರೋಗ್ರಾಮನ್ನು ತೆಗೆದು ಹೊಸದಾಗಿ ಹಾಕಿದ್ದೆ.

"ಇದರಲ್ಲಿ ಏನೇನು ಹಾಕ್ಕೊಂಡಿದ್ದೀರಿ?" ಎಂದು ಸೋಮವಾರವೇ ಮೇಡಂ ಮೇಲೆ ರೇಗಿದ್ದೂ ಆಯಿತು.

"ನಾನು ಎಂತ ಹಾಕ್ಲಿಲ್ಲ ಮಾರಾಯ್ರೆ" ಎಂದರು.

ಗುರುವಾರ ಮಧ್ಯಾಹ್ನ ದಾಖಲೆಗಳನ್ನು ಪೂರ್ತಿ ಓದಿದೆ. ಎಕ್ಸೆಪ್ಷನ್ ಕೋಡ್, ಅಂದರೆ ತಪ್ಪಿನ ಸಂಖ್ಯೆ, ಎಲ್ಲದರಲ್ಲೂ c0000005. ಯಾವುದೋ ಸಾಫ್ಟ್‌ವೇರ್ ತಾನು ಮುಟ್ಟಬಾರದ ಮೆಮೊರಿ ಮುಟ್ಟಿದೆ ಎಂದಷ್ಟೇ ಅದರ ಅರ್ಥ. ಯಾವುದು ಎಂಬ ಸುಳಿವು ಇದ್ದದ್ದು ಎರಡನೇ ಸಾಲಿನಲ್ಲಿ, ತಪ್ಪು ನಡೆದ ಫೈಲಿನ ಹೆಸರು ಹೇಳುವ ಫಾಲ್ಟಿಂಗ್ ಮಾಡ್ಯೂಲ್ ಎಂಬಲ್ಲಿ. ಪ್ರತಿ ಸಲವೂ ಅಲ್ಲಿದ್ದದ್ದು ಡ್ರಾಯಿಂಗ್ ಪ್ರೋಗ್ರಾಮಿನ ಫೈಲಲ್ಲ, ಒಂದು ಹಳೆಯ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನದು. ಒತ್ತಿದ ಕೀಗಳನ್ನು ಹಿಡಿಯಲು ಅದು ತೆರೆದಿರುವ ಬೇರೆ ಪ್ರೋಗ್ರಾಮುಗಳ ಒಳಗೂ ಹೊಕ್ಕು ಕೂರುತ್ತದೆ.

ಹಿಂದಿನ ಶನಿವಾರ ಮೇಡಂ ರಜೆಯಲ್ಲಿದ್ದಾಗ, ಅವರ ದೊಡ್ಡ ಸ್ಕ್ರೀನಿನಲ್ಲಿ ಕನ್ನಡ ಸಂಘದ ಆಮಂತ್ರಣ ಟೈಪ್ ಮಾಡಲು ಅದನ್ನು ಹಾಕಿದವನು ನಾನು.

ತೆಗೆದೆ. ಸಂಜೆಯವರೆಗೆ ಪ್ರೋಗ್ರಾಮ್ ಒಮ್ಮೆಯೂ ಮುಚ್ಚಲಿಲ್ಲ. ಆಗ ಅವರಿಗೆ ಎಲ್ಲವನ್ನೂ ಹೇಳಿದೆ. ನಕ್ಷೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಆ ಸಾಲು ಸೋಮವಾರವೂ ಇತ್ತಾ?"

"ಇತ್ತು."

"ನನ್ನನ್ನು ಕೇಳುವ ಮೊದಲು ಅದನ್ನು ಓದಬಹುದಿತ್ತು."